ಟ್ರೆಂಡ್ ಮುರೀತು ಅನ್ನೋಕಿಂತ ಮೊದಲ ಗೆರಿ ಸರಿ ಐತೇನ ನೋಡ್ರಿ

ಭಾಗ 1/10

ಈ ಸರಣಿ ಸ್ವಲ್ಪ ಉದ್ದ ಐತಿ. ಸೇವ್ ಮಾಡಿಟ್ಕೊಂಡು ನಿಧಾನಕ್ಕ ಓದ್ರಿ.

ಮಾರ್ಕೆಟ್ ಒಂದಿನ ಜೋರಾಗಿ ಬಿತ್ತಂದ್ರ ಸಾಕು, ಸಂಜಿಕಿ ರೀಲ್ಸ್ ತುಂಬ ಕೆಂಪು ಬಾಣ, ಕೆಂಪು ಗೆರಿ, ಮ್ಯಾಲ ದೊಡ್ಡಕ್ಷರದಾಗ "ಟ್ರೆಂಡ್ ಬ್ರೇಕ್!" ಅದನ್ನ ನೋಡಿ ನಮ್ಮ ಮುನವಳ್ಳಿಯೊಳಗಿನ ಹುಡುಗ ಮರುದಿನ ಒಂಬತ್ತು ಹದಿನೈದಕ್ಕ ಪುಟ್ ತಗೋತಾನ. ಮೂರು ದಿನದಾಗ ಮಾರ್ಕೆಟ್ ಮ್ಯಾಲ ಹೋಗಿರತೈತಿ, ಅವನ ರೊಕ್ಕ ಕೆಳಗ ಹೋಗಿರತೈತಿ. ಆ ರೀಲ್ ಮಾಡಿದವ ಆಗಲೇ ಇನ್ನೊಂದು ಗೆರಿ ಎಳೆದು ಇನ್ನೊಂದು ರೀಲ್ ಹಾಕಿರ್ತಾನ.

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ಸಾಮಾನ್ಯ ಜನರ ಪೈಕಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಇಷ್ಟೂ ನಷ್ಟ ತಪ್ಪು ಗೆರಿಯಿಂದ ಆಯ್ತು ಅಂತ ನಾ ಹೇಳಾಕತ್ತಿಲ್ಲ. ಆದ್ರ ತಪ್ಪು ಗೆರಿ ಎಳೆದು ಅದನ್ನ ಹುಡುಗರಿಗೆ ಮಾರೋರ ಪಾಲು ಅದರಾಗ ಇಲ್ಲ ಅಂತ ಯಾರೂ ನನಗ ಹೇಳಬ್ಯಾಡ್ರಿ.

ನನ್ನ ವಾದ ಇಷ್ಟು. ಟ್ರೆಂಡ್‌ಲೈನ್ ಅನ್ನೋದು ಅಭಿಪ್ರಾಯ ಅಲ್ಲ. ಅದಕ್ಕ ಎಲ್ಲಿ ಶುರು, ಎಲ್ಲಿ ಕೊನಿ, ಯಾವ ಅಳತಿ, ಯಾವಾಗ ಸತ್ತಂಗ, ಎಲ್ಲಾನೂ ಮೊದಲೇ ಬರೆದಿಡಬೇಕು. ಬರೆದಿಡದವನ ಗೆರಿ ಬರೀ ಬಣ್ಣ.

ಭಾಗ 2/10

ಮೊದಲ ಜಗಳ: ಗೆರಿ ಎಲ್ಲಿ ಎಳೀಬೇಕು?

ಬಿಕಾಂ ಓದೋರಿಗೆ ಗೊತ್ತು, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಟ್ರೆಂಡ್ ಅಂದ್ರೆ ಲೀಸ್ಟ್ ಸ್ಕ್ವೇರ್ಸ್ ಗೆರೆ. ಅದು ಅಂಕಿಗಳ ನಡುವೆ ಹಾಯ್ದು ಹೋಗುತ್ತೆ, ಕೆಲವು ಚುಕ್ಕಿ ಮೇಲೆ, ಕೆಲವು ಚುಕ್ಕಿ ಕೆಳಗೆ. ಚಾರ್ಟ್ ಮೇಲಿನ ಟ್ರೆಂಡ್‌ಲೈನ್ ಹಂಗಲ್ಲ. ಅದು ಅಂಚು. ಹೊಲದ ಬದು ಇದ್ದಂಗ. ಏರ್ತಾ ಇರೋ ಮಾರ್ಕೆಟ್‌ನಾಗ ಗೆರಿ ಕೆಳಗಿನ ಲೋಗಳನ್ನ ಮುಟ್ಟಿಕೊಂಡು ಹೋಗಬೇಕು, ಇಳೀತಾ ಇರೋ ಮಾರ್ಕೆಟ್‌ನಾಗ ಮ್ಯಾಲಿನ ಹೈಗಳನ್ನ. ನಡುವಿನ ಕ್ಯಾಂಡಲ್‌ಗಳ ಹೊಟ್ಟಿ ಸೀಳಿಕೊಂಡು ಹೋದ ಗೆರಿ ಹುಟ್ಟುವಾಗಲೇ ಮುರಿದೈತಿ, ಮತ್ತೇನ ಮುರೀತು ಅಂತೀರಿ?

ಎರಡು ಲೋ ಸಿಕ್ಕರೆ ಗೆರೆ ಎಳೀಬಹುದು. ಆದರೆ ಯಾವ ಎರಡು ಲೋ? ಇಲ್ಲೇ ರೀಲ್ ಮಾಡೋರು ಕೈಚಳಕ ಮಾಡ್ತಾರ. ಎರಡನೇ ಲೋ ನಿಜವಾದ ಲೋ ಅಂತ ಯಾವಾಗ ಒಪ್ಪಬೇಕು ಅಂದ್ರ, ಎರಡೂ ಲೋಗಳ ನಡುವೆ ಇದ್ದ ಹೈ ದಾಟಿ ಬೆಲೆ ಮೇಲೆ ಹೋದಾಗ. ಅಲ್ಲೀತನಕ ಅದು ಬರೀ ಒಂದು ತಗ್ಗು. ಅದರ ಕೆಳಗೆ ಇನ್ನೊಂದು ತಗ್ಗು ಬರಬಹುದು.

ಉದಾಹರಣೆ ನಿಫ್ಟಿಯದೇ ತಗೊಳ್ಳೋಣ. ಹಳೇ ಚಾರ್ಟ್ ಬೇಕಂತಲೇ ತಗೊಂಡೀನಿ. ಇವತ್ತಿನ ಚಾರ್ಟ್ ತೋರಿಸಿದ್ರ ಅದು ಪಾಠ ಆಗೂದಿಲ್ಲ, ಟಿಪ್ ಆಗತೈತಿ.

2023ರ ಮಾರ್ಚ್ 20ಕ್ಕೆ ನಿಫ್ಟಿ 16,828ರ ತನಕ ಇಳೀತು. ಅಲ್ಲಿಂದ ಏರಿ ಸೆಪ್ಟೆಂಬರ್ 15ಕ್ಕೆ 20,222 ಮುಟ್ಟಿತು. ಮತ್ತೆ ಬಿದ್ದು ಅಕ್ಟೋಬರ್ 26ಕ್ಕೆ 18,837. ಈ 16,828 ಮತ್ತು 18,837 ಸೇರಿಸಿ ಅಕ್ಟೋಬರ್‌ನಲ್ಲೇ ಗೆರೆ ಎಳೀಬಹುದಿತ್ತಾ? ಕೈ ಇದ್ದರ ಎಳೀಬಹುದು. ಆದ್ರ ನಂಬಬಾರದು. ಡಿಸೆಂಬರ್ 1ಕ್ಕೆ ನಿಫ್ಟಿ 20,267ಕ್ಕೆ ಮುಗೀತು, ಅಂದ್ರೆ ನಡುವಿನ ಹೈ ದಾಟಿತು. ಆವತ್ತು ಈ ಗೆರಿಗೆ ಜನ್ಮಪತ್ರ ಸಿಕ್ತು.

ಭಾಗ 3/10

ಈಗ ಲೆಕ್ಕ. ಹೆದರಬ್ಯಾಡ್ರಿ, ಐದನೇತ್ತೆ ಲೆಕ್ಕ.

ವಾರದ ಚಾರ್ಟ್ ತೆಗೀರಿ. ಮೊದಲ ಲೋ ಇರೋ ವಾರದಿಂದ ಎರಡನೇ ಲೋ ಇರೋ ವಾರಕ್ಕೆ 31 ವಾರ. ಆ 31 ವಾರದಲ್ಲಿ ಲೋ ಸುಮಾರು 2,010 ಪಾಯಿಂಟ್ ಏರಿದೆ. ಭಾಗಿಸಿದರೆ ವಾರಕ್ಕೆ ಸುಮಾರು 65 ಪಾಯಿಂಟ್. ಇದೇ ಈ ಗೆರಿಯ ನಡಿಗೆ.

```
ಗೆರೆಯ ಬೆಲೆ = 18,838 + 65 × ಅಕ್ಟೋಬರ್ 2023ರ ಲೋ ಆದಮೇಲಿನ ವಾರಗಳು
```

ಇಷ್ಟು ಬರೆದಿಟ್ಟುಕೊಂಡರೆ ನಿಮಗೆ ಚಾರ್ಟ್ ಬೇಕಾಗೂದಿಲ್ಲ. ಯಾವ ವಾರ ಗೆರೆ ಎಲ್ಲಿ ಇರಬೇಕು ಅಂತ ನೋಟ್‌ಬುಕ್ಕಿನಾಗ ಹೇಳಬಹುದು. ಯಾರಾದರೂ "ಗೆರಿ ಮುರೀತು" ಅಂದ್ರ ಅವರನ್ನ ಒಂದೇ ಪ್ರಶ್ನಿ ಕೇಳ್ರಿ: ಈ ವಾರ ನಿಮ್ಮ ಗೆರಿ ಎಷ್ಟರ ಮ್ಯಾಲ ಐತಿ? ಅಂಕಿ ಹೇಳಾಕ ಬರಲಿಲ್ಲಂದ್ರ ಅವರ ಹತ್ರ ಗೆರಿ ಇಲ್ಲ, ಬೆರಳು ಐತಿ.

ಮನಿ ಕಟ್ಟೋ ಗೌಂಡಿ ಎರಡೂ ತುದಿಗೆ ಮೊಳೆ ಹೊಡೆದು ದಾರ ಬಿಗಿತಾನ. ಗ್ವಾಡಿ ದಾರದ ಆಚಿ ಹೋದ್ರ ಗ್ವಾಡಿ ಸರಿ ಮಾಡ್ತಾನ. ಗ್ವಾಡಿ ಸೊಟ್ಟ ಆತಂತ ಮೊಳೆ ಕಿತ್ತು ದಾರಾನ ಸೊಟ್ಟ ಮಾಡೂದಿಲ್ಲ. ನಮ್ಮ ರೀಲ್ ಗುರುಗಳು ದಿನಾ ಅದನ್ನೇ ಮಾಡ್ತಾರ.

ಇನ್ನೊಂದು ಮಾತು. ಎರಡು ಲೋ ಮುಟ್ಟಿದ ಗೆರೆ ಬರೀ ಅಂದಾಜು. ಬೆಲೆ ಮೂರನೇ ಸಲ ಅದರ ಹತ್ತಿರ ಬಂದು, ಅಲ್ಲಿಂದ ಎದ್ದು ಹೋದರೆ, ಆಗ ಆ ಗೆರೆಯನ್ನ ಬೇರೆಯವರೂ ನೋಡ್ತಿದ್ದಾರೆ, ಅಲ್ಲಿ ಕೊಳ್ಳೋರು ಇದ್ದಾರೆ ಅಂತ ಅರ್ಥ. ಮೂರನೇ ಸ್ಪರ್ಶ ಇಲ್ಲದ ಗೆರೆ ಮುರಿದರೂ ಅದರಾಗ ದೊಡ್ಡ ಸುದ್ದಿ ಏನೂ ಇಲ್ಲ.

ಭಾಗ 4/10

2024ರ ಜೂನ್ 4. ಲೋಕಸಭೆ ಫಲಿತಾಂಶದ ದಿನ. ಗೆರಿ ಪರೀಕ್ಷೆಗೆ ಇದಕ್ಕಿಂತ ಒಳ್ಳೇ ದಿನ ಸಿಗೂದಿಲ್ಲ.

ಹಿಂದಿನ ದಿನ ಎಕ್ಸಿಟ್ ಪೋಲ್ ನಂಬಿ ನಿಫ್ಟಿ ಜಿಗಿದು 23,263ಕ್ಕೆ ಮುಗಿದಿತ್ತು. ಜೂನ್ 4ಕ್ಕೆ ದಿನದೊಳಗೆ 21,281ರ ತನಕ ಕುಸಿದು, ಕೊನೆಗೆ 21,884ಕ್ಕೆ ನಿಂತಿತು. ಒಂದೇ ದಿನ ಸುಮಾರು ಶೇ. 6 ಬಿತ್ತು.

ಆಗ ಬಹಳ ಮಂದಿ ಇಟ್ಕೊಂಡಿದ್ದು ಕಡಿದಾದ ಗೆರೆ. 2023ರ ಅಕ್ಟೋಬರ್ ಲೋ 18,837 ಮತ್ತು 2024ರ ಮೇ 13ರ ಲೋ 21,821 ಸೇರಿಸಿದ ಗೆರೆ ತಗೊಳ್ರಿ. 29 ವಾರಕ್ಕೆ ಸುಮಾರು 2,983 ಪಾಯಿಂಟ್, ಅಂದ್ರೆ ವಾರಕ್ಕೆ 103. ಜೂನ್ ಮೊದಲ ವಾರ ಆ ಗೆರೆ 22,130ರ ಸುತ್ತ ಇತ್ತು. ದಿನದ ಕ್ಲೋಸ್ ಅದರ ಕೆಳಗೆ, ಶೇ. 1ಕ್ಕಿಂತ ಹೆಚ್ಚು ಕೆಳಗೆ ಬಂತು. "ಟ್ರೆಂಡ್ ಬ್ರೇಕ್, ಎಲ್ಲಾ ಮಾರಿ, ಪುಟ್ ತಗೊಳ್ಳಿ" ಅನ್ನಾಕ ಇಷ್ಟು ಸಾಕಾಯ್ತು.

ಜೂನ್ 5ಕ್ಕೆ ನಿಫ್ಟಿ 22,620. ಗೆರೆಯ ಮೇಲೆ ವಾಪಸ್. ಜೂನ್ 7, ಶುಕ್ರವಾರ, 23,290. ಅಂದ್ರೆ ಬೀಳೋಕಿಂತ ಮುಂಚೆ ಇದ್ದ ಜಾಗಕ್ಕಿಂತ ಮೇಲೆ.

ಮೂರು ದಿನದಲ್ಲಿ 1,400 ಪಾಯಿಂಟ್. ಆಗ ನಿಫ್ಟಿ ಲಾಟ್ 25. ಮಂಗಳವಾರದ ಕ್ಲೋಸ್‌ನಲ್ಲಿ ಒಂದು ಲಾಟ್ ಫ್ಯೂಚರ್ ಶಾರ್ಟ್ ಮಾಡಿ ಶುಕ್ರವಾರ ಬಿಟ್ಟವನಿಗೆ ಹೆಚ್ಚುಕಮ್ಮಿ 35,000 ರೂಪಾಯಿ ಹೊಡೆತ. ನಮ್ಮ ಕಡಿ ಎಷ್ಟು ಹುಡುಗರ ಇಡೀ ಡಿಗ್ರಿ ಫೀ ಅಷ್ಟು ಆಗಿರತೈತಿ ಲೆಕ್ಕ ಹಾಕ್ರಿ.

ಈಗ ನಮ್ಮ ಮೊದಲ ಗೆರೆ ನೋಡ್ರಿ, ವಾರಕ್ಕೆ 65ರದ್ದು. 32 ವಾರ ಆಗಿತ್ತು. 18,838ಕ್ಕೆ 2,080 ಕೂಡಿಸಿದರೆ 20,918. ದಿನದ ಅತಿ ಕೆಳಗಿನ ಬೆಲೆ 21,281. ಅಂದ್ರೆ ಅಷ್ಟು ಗದ್ದಲದ ದಿನವೂ ದೊಡ್ಡ ಗೆರೆ ಮುಟ್ಟಿರಲೇ ಇಲ್ಲ. ಮುರಿದಿದ್ದು ಆ ಕಡಿದಾದ ಏರಿಕೆಯ ವೇಗದ ಗೆರೆ, ಅದೂ ಒಂದು ದಿನದ ಮಟ್ಟಿಗೆ.

ಭಾಗ 5/10

"ಹಂಗಾದ್ರ ಮುರೀತು ಅಂತ ಯಾವಾಗ ಒಪ್ಪಬೇಕು?"

ನನ್ನ ಉತ್ತರ: ಗೆರೆ ಯಾವ ಚಾರ್ಟ್‌ನಲ್ಲಿ ಹುಟ್ಟಿತೋ ಅದೇ ಚಾರ್ಟ್‌ನ ಕ್ಲೋಸ್‌ನಲ್ಲಿ ಸಾಯಬೇಕು. ವಾರದ ಲೋಗಳಿಂದ ಎಳೆದ ಗೆರೆಗೆ ಶುಕ್ರವಾರದ ಕ್ಲೋಸ್ ಸಾಕ್ಷಿ. ದಿನದ ಗೆರೆಗೆ ಮೂರೂವರೆಯ ಕ್ಲೋಸ್. ಐದು ನಿಮಿಷದ ಗೆರೆಗೆ ಆ ಐದು ನಿಮಿಷದ ಕ್ಯಾಂಡಲ್ ಮುಗಿದ ಮೇಲೆ. ವಾರದ ಗೆರೆ ಎಳೆದು ಐದು ನಿಮಿಷದ ಕ್ಯಾಂಡಲ್ ನೋಡಿ ತೀರ್ಪು ಕೊಡೋದು, ವರ್ಷದ ಪರೀಕ್ಷೆಗೆ ಒಂದು ಪಿರಿಯಡ್ಡಿನ ಹಾಜರಿ ನೋಡಿ ಫೇಲ್ ಮಾಡಿದಂಗ.

ಕಾಮೆಂಟ್‌ನಾಗ ಒಬ್ಬರು ಕೇಳೇ ಕೇಳ್ತಾರ: "ತಮ್ಮಾ, ಗೆರಿ ಎಳೆಯೋದು ಕ್ಯಾಂಡಲ್ ಬಾಲದ ತುದಿಯಿಂದ, ಮುರಿಯೋದಕ್ಕ ಮಾತ್ರ ಕ್ಲೋಸ್ ಬೇಕಂದ್ರ ಇದ್ಯಾವ ನ್ಯಾಯ?" ಒಳ್ಳೇ ಪ್ರಶ್ನೆ. ಬಾಲದ ತುದಿ ಅಂದ್ರೆ ಮಾರೋರು ಒತ್ತಿ ಒತ್ತಿ ಎಲ್ಲೀತನಕ ಒಯ್ದರು, ಕೊಳ್ಳೋರು ಎಲ್ಲಿ ತಡೆದರು ಅನ್ನೋ ಗುರುತು. ಅದು ಅಂಚು. ಕ್ಲೋಸ್ ಅಂದ್ರೆ ಗದ್ದಲ ಮುಗಿದ ಮೇಲೆ ಎರಡೂ ಕಡೆಯವರು ಒಪ್ಪಿದ ಬೆಲೆ. ಅಂಚಿನ ಆಚೆ ಒಂದು ಗಳಿಗೆ ಕಾಲಿಟ್ಟು ಬರೋದು ಬೇರೆ, ಆಚೆ ಹೋಗಿ ಅಲ್ಲೇ ರಾತ್ರಿ ಕಳೆಯೋದು ಬೇರೆ. ನಾವು ಎರಡನೇದ್ದಕ್ಕೆ ಮಾತ್ರ ಮುರಿಯೋದು ಅಂತೀವಿ.

ಇಷ್ಟೇ ಸಾಲದು, ಎರಡನೇ ಸಾಕ್ಷಿ ಬೇಕು. ಅದು ಹಿಂದಿನ ಮುಖ್ಯ ಲೋ. ಏರಿಕೆ ಅಂದ್ರೆ ಏನು? ಪ್ರತಿ ಲೋ ಹಿಂದಿನ ಲೋಗಿಂತ ಮೇಲೆ. ಗೆರೆ ಮುರಿದರೂ ಹಿಂದಿನ ಲೋ ಮುರಿಯದಿದ್ದರೆ, ಏರಿಕೆ ನಿಧಾನ ಆಗಿದೆ ಅಂತ ಅರ್ಥ, ತಿರುಗಿದೆ ಅಂತ ಅಲ್ಲ.

ಜೂನ್ 4ಕ್ಕೆ ಇದನ್ನ ಹಚ್ಚಿ ನೋಡ್ರಿ. ಹಿಂದಿನ ಲೋ ಮೇ 13ರದ್ದು, 21,821. ದಿನದೊಳಗೆ ಬೆಲೆ ಅದರ ಕೆಳಗೆ ಹೋಯ್ತು. ಕ್ಲೋಸ್ ಮಾತ್ರ 21,884, ಅದರ ಮೇಲೆ. ಆ ಭಯದ ದಿನವೂ ಎರಡನೇ ಸಾಕ್ಷಿ "ಇಲ್ಲ" ಅಂತು. ಶುಕ್ರವಾರ ಮೊದಲ ಸಾಕ್ಷಿಯೂ "ಇಲ್ಲ" ಅಂತು. ಕೇಸ್ ಬಿದ್ದೋಯ್ತು.

ಭಾಗ 6/10

ನಿಜವಾಗಿ ಮುರಿದಾಗ ಹೆಂಗಿರತೈತಿ? ಅದೇ ಗೆರೆ, ಏಳು ತಿಂಗಳು ಮುಂದೆ ಹೋಗೋಣ.

2024ರ ಸೆಪ್ಟೆಂಬರ್ 27ಕ್ಕೆ ನಿಫ್ಟಿ 26,277 ಮುಟ್ಟಿ ಇಳಿಯಾಕ ಶುರು ಮಾಡ್ತು. ನವೆಂಬರ್ 21ಕ್ಕೆ 23,263ರ ಲೋ ಮಾಡಿ ಎದ್ದಿತು. ಆದರೆ ಡಿಸೆಂಬರ್‌ನಲ್ಲಿ ಹಳೇ ಹೈ ಹತ್ತಿರವೂ ಹೋಗಲಿಲ್ಲ. ಇದು ಮೊದಲ ಗುಮಾನಿ, ಹೈ ಕೆಳಗೆ ಬಂತು.

2025ರ ಜನವರಿ 13ರ ವಾರ ನಮ್ಮ ಗೆರೆ 22,998ರಲ್ಲಿ ಇತ್ತು. ಬೆಲೆ 23,047ಕ್ಕೆ ಬಂದು ನಿಂತಿತು. 50 ಪಾಯಿಂಟ್ ಅಂತರ. ಒಂದು ವರ್ಷಕ್ಕಿಂತ ಹಿಂದಿನ ಎರಡು ಲೋಗಳಿಂದ ಹೊರಟ ಗೆರೆಯ ಹತ್ತಿರ ಬೆಲೆ ಮೂರನೇ ಸಲ ಬಂದು ನಿಂತಿದ್ದು ಆಕಸ್ಮಿಕ ಅನ್ನೋರು ಅನ್ನಲಿ, ನಾ ಅನ್ನೂದಿಲ್ಲ.

ಜನವರಿ 27ಕ್ಕೆ ಕ್ಲೋಸ್ 22,829, 28ಕ್ಕೆ 22,957. ಆ ವಾರ ಗೆರೆ 23,128. ಎರಡು ದಿನ ಕೆಳಗೆ. ಮತ್ತೆ ಗದ್ದಲ. 29ಕ್ಕೆ 23,163, ಗೆರೆಯ ಮೇಲೆ. ವಾರ 23,500ರ ಆಸುಪಾಸು ಮುಗೀತು. "ಎರಡು ದಿನ ಕ್ಲೋಸ್ ಆದ್ರ ಸಾಕು" ಅನ್ನೋ ನಿಯಮ ಇಟ್ಕೊಂಡವರೂ ಇಲ್ಲಿ ಸಿಕ್ಕಿಬಿದ್ದರು. ವಾರದ ಗೆರೆಗೆ ವಾರದ ಕ್ಲೋಸ್ ಅಂತ ನಾ ಹಟ ಹಿಡಿಯೋದು ಇದಕ್ಕೇ.

ಫೆಬ್ರವರಿ 14, ಶುಕ್ರವಾರ. ಗೆರೆ 23,258. ಕ್ಲೋಸ್ 22,929. ವಾರದ ಕ್ಲೋಸ್ ಕೆಳಗೆ, ಹಿಂದಿನ ಮುಖ್ಯ ಲೋ 23,263ರ ಕೆಳಗೂ. ಎರಡೂ ಸಾಕ್ಷಿ ಒಂದೇ ದಿನ ಹೌದು ಅಂದವು. ಮುಂದಿನ ಶುಕ್ರವಾರ 22,795. ಅದರ ಮುಂದಿನ ಶುಕ್ರವಾರ 22,124. ಯಾರೂ ವಾಪಸ್ ಎಳೆಯಲಿಲ್ಲ.

ಮಾರ್ಚ್ ಕೊನೇ ವಾರ ಬೆಲೆ ಮತ್ತೆ ಗೆರೆಯ ತನಕ ಎದ್ದು ಬಂತು. ಆಗ ಗೆರೆ 23,648. ವಾರದ ನಡುವೆ ಬೆಲೆ 23,869ರ ತನಕವೂ ಹೋಯ್ತು. ಶುಕ್ರವಾರ 23,519ಕ್ಕೆ, ಗೆರೆಯ ಕೆಳಗೇ ಮುಗೀತು. ಮೊದಲು ನೆಲ ಆಗಿದ್ದ ಗೆರೆ ಈಗ ಮಾಳಿಗಿ ಆಗಿತ್ತು. ಏಪ್ರಿಲ್ 7ಕ್ಕೆ 21,743.

ಭಾಗ 7/10

ಈಗ ಯಾರೂ ರೀಲ್‌ನಾಗ ಹೇಳದ ವಿಷಯ: ಅಳತಿ.

ಚಾರ್ಟ್ ಆ್ಯಪ್‌ನಲ್ಲಿ ಬೆಲೆಯ ಪಟ್ಟಿಯ ಸೆಟ್ಟಿಂಗ್ ತೆಗೀರಿ. `Regular` ಮತ್ತು `Logarithmic` ಅಂತ ಎರಡು ಸಿಗ್ತಾವ. ಮೊದಲನೇದ್ದರಲ್ಲಿ 100 ಪಾಯಿಂಟ್ ಎಲ್ಲಿದ್ದರೂ ಒಂದೇ ಎತ್ತರ. ಎರಡನೇದ್ದರಲ್ಲಿ ಶೇ. 1 ಎಲ್ಲಿದ್ದರೂ ಒಂದೇ ಎತ್ತರ. ಅದೇ ಎರಡು ಲೋ ಸೇರಿಸಿ ಎರಡರಲ್ಲೂ ಗೆರೆ ಎಳೀರಿ, ಮುಂದೆ ಹೋದಂತೆ ಎರಡೂ ಬೇರೆ ಬೇರೆ ಜಾಗಕ್ಕೆ ಹೋಗ್ತಾವ.

ಲೆಕ್ಕ ನೋಡ್ರಿ. 16,828ರಿಂದ 18,838ಕ್ಕೆ ಅಂದ್ರೆ 31 ವಾರದಲ್ಲಿ ಸುಮಾರು ಶೇ. 12. ಪಾಯಿಂಟ್ ಗೆರೆ ಹೇಳುತ್ತೆ, ಮುಂದಿನ 31 ವಾರಕ್ಕೂ ಅದೇ 2,010 ಪಾಯಿಂಟ್. ಲಾಗ್ ಗೆರೆ ಹೇಳುತ್ತೆ, ಮುಂದಿನ 31 ವಾರಕ್ಕೂ ಅದೇ ಶೇ. 12. ಬಡ್ಡಿ ಲೆಕ್ಕ ಗೊತ್ತಿದ್ದವರಿಗೆ ಇದು ಹೊಸದಲ್ಲ. ಒಂದು ಸರಳ ಬಡ್ಡಿ, ಇನ್ನೊಂದು ಚಕ್ರಬಡ್ಡಿ. 62 ವಾರ ಆದಮೇಲೆ ಪಾಯಿಂಟ್ ಗೆರೆ 22,868ರಲ್ಲಿ, ಲಾಗ್ ಗೆರೆ ಸುಮಾರು 23,600ರಲ್ಲಿ. 700 ಪಾಯಿಂಟ್‌ಗಿಂತ ಹೆಚ್ಚು ವ್ಯತ್ಯಾಸ. ಒಂದೇ ಲೋ, ಒಂದೇ ಪೆನ್ಸಿಲ್, ಎರಡು ತೀರ್ಪು.

ಲಾಗ್ ಗೆರೆಯಲ್ಲಿ ಹಳೇ ಕಥೆ ಮತ್ತೆ ಓದ್ರಿ. 2024ರ ಜೂನ್ ಮೊದಲ ವಾರ ಅದು ಸುಮಾರು 21,160ರಲ್ಲಿ ಇತ್ತು. ಜೂನ್ 4ರ ಲೋ 21,281. ನೂರ ಇಪ್ಪತ್ತು ಪಾಯಿಂಟ್ ಮೇಲೆ ಬೆಲೆ ಎದ್ದು ನಿಂತಿತು. ಅಂದ್ರೆ ಮಂದಿ "ಟ್ರೆಂಡ್ ಸತ್ತಿತು" ಅಂತ ಅಳಾಕತ್ತಿದ್ದ ದಿನ ಲಾಗ್ ಗೆರೆಗೆ ಮೂರನೇ ಸ್ಪರ್ಶ ಸಿಕ್ಕಿತ್ತು. ಸತ್ತ ದಿನ ಅಲ್ಲ, ಗೆರೆ ಗಟ್ಟಿಯಾದ ದಿನ.

2025ರ ಜನವರಿ 10ರ ಶುಕ್ರವಾರ ಲಾಗ್ ಗೆರೆ 23,690ರ ಸುತ್ತ. ಕ್ಲೋಸ್ 23,431. ಮೊದಲ ಸಾಕ್ಷಿ. ಜನವರಿ 17ಕ್ಕೆ ಕ್ಲೋಸ್ 23,203, ನವೆಂಬರ್ ಲೋ 23,263ರ ಕೆಳಗೆ. ಎರಡನೇ ಸಾಕ್ಷಿ. ಪಾಯಿಂಟ್ ಗೆರೆಗಿಂತ ನಾಲ್ಕು ವಾರ ಮೊದಲೇ ತೀರ್ಪು ಬಂತು. ಜನವರಿ ಕೊನೆಯ ಆ ಎರಡು ದಿನದ ಗೊಂದಲವೂ ಇರಲಿಲ್ಲ, ಯಾಕಂದ್ರ ಬೆಲೆ ಆಗಲೇ ಲಾಗ್ ಗೆರೆಯ ಕೆಳಗೆ ಇತ್ತು.

ಭಾಗ 8/10

ಹಂಗಂತ ಲಾಗ್ ಯಾವಾಗಲೂ ಗೆಲ್ಲತೈತಿ ಅಂತ ಹೊಸ ರೀಲ್ ಮಾಡಬ್ಯಾಡ್ರಿ.

ಏರಿಕೆಯಲ್ಲಿ ಲಾಗ್ ಗೆರೆ ಮುಂದೆ ಮುಂದೆ ಹೋದಂತೆ ಕಡಿದಾಗ್ತಾ ಹೋಗುತ್ತೆ. ಅದಕ್ಕೇ ಬೇಗ ಮುರಿಯುತ್ತೆ. ಬೇಗ ಮುರಿಯೋದು ಕೆಲವು ಸಲ ಎಚ್ಚರಿಕೆ, ಕೆಲವು ಸಲ ಸುಳ್ಳು ಸದ್ದು. ನಾನು ಹೇಳೋದು ಸರಳ. ಬೆಲೆ ಬಹಳ ದೂರ ಏರಿರೋ, ವರ್ಷಗಟ್ಟಲೆ ಹೋಗೋ ಚಾರ್ಟ್‌ಗೆ ಲಾಗ್ ಇಡ್ರಿ, ಯಾಕಂದ್ರ ರೊಕ್ಕ ಹಾಕೋರು ಶೇಕಡಾದಲ್ಲಿ ಯೋಚಿಸ್ತಾರೆ, ಪಾಯಿಂಟ್‌ನಲ್ಲಿ ಅಲ್ಲ. ಕೆಲವು ವಾರದ ಚಾರ್ಟ್‌ಗೆ ಎರಡೂ ಹೆಚ್ಚುಕಮ್ಮಿ ಒಂದೇ. ಯಾವುದಾದರೂ ಇಡ್ರಿ, ಆದರೆ ಗೆರೆ ಎಳೆಯೋ ದಿನವೇ ನೋಟ್‌ಬುಕ್ಕಿನಾಗ ಬರೆದಿಡ್ರಿ: ಲಾಗ್ ಅಥವಾ ಪಾಯಿಂಟ್. ಬೆಲೆ ಗೆರೆಯ ಹತ್ತಿರ ಬಂದ ಮೇಲೆ ಅಳತಿ ಬದಲು ಮಾಡೋದು, ತಕ್ಕಡಿಯ ಕೆಳಗ ಬೆರಳು ಇಟ್ಟಂಗ. ಗೋವಿನಜೋಳ ಮಾರಾಕ ಹೋದಾಗ ದಲಾಲಿ ಹಂಗ ಮಾಡಿದ್ರ ಅಪ್ಪ ಸುಮ್ಮನ ಬಿಡ್ತಾರೇನು? ಚಾರ್ಟ್ ಮ್ಯಾಲ ಮಾಡಿದ್ರ ಯಾಕ ಲೈಕ್ ಒತ್ತೀರಿ?

ರೀಲ್ ಮಾಡೋರ ದೊಡ್ಡ ಕೈಚಳಕ ಇನ್ನೊಂದು ಐತಿ. ಗೆರೆ ಮುರಿದು ಬೆಲೆ ವಾಪಸ್ ಬಂತು ಅಂದ್ರ ಅವರು ಹಳೇ ಗೆರಿ ಅಳಿಸ್ತಾರ. ಹೊಸ ಲೋ ಸೇರಿಸಿ ಸ್ವಲ್ಪ ಮಲಗಿಸಿದ ಗೆರಿ ಎಳೆದು, "ನೋಡ್ರಿ, ನಮ್ಮ ಟ್ರೆಂಡ್‌ಲೈನ್ ಎಷ್ಟು ಚೊಲೋ ತಡೀತು" ಅಂತಾರ. ಹೊಸ ಗೆರೆ ಎಳೆಯೋದು ತಪ್ಪಲ್ಲ. ಅಳಿಸೋದು ತಪ್ಪು. ಹಳೇದು ಹಂಗೇ ಇರಲಿ, ಬಣ್ಣ ಬದಲಿಸ್ರಿ, ಪಕ್ಕದಾಗ ತಾರೀಖು ಬರೀರಿ: ಇಂಥಾ ದಿನ ಮುರೀತು, ಇಂಥಾ ದಿನ ವಾಪಸ್. ಆರು ತಿಂಗಳಾದ ಮೇಲೆ ನಿಮ್ಮ ನಿಯಮ ಎಷ್ಟು ಸಲ ಸುಳ್ಳು ಸದ್ದು ಮಾಡಿದೆ ಅಂತ ನಿಮಗೇ ಎಣಿಸಾಕ ಬರತೈತಿ. ಎಣಿಸಾಕ ಬರಬಾರದು ಅಂತನ ಅವರು ಅಳಿಸೋದು.

ಭಾಗ 9/10

ಈಗ ಎದುರು ವಾದ. ಇದು ನಿಜವಾಗಿ ಗಟ್ಟಿ ವಾದ, ಅದಕ್ಕ ನುಂಗಿ ಹಾಕಬಾರದು.

"ಶುಕ್ರವಾರದ ತನಕ ಕಾಯ್ಕೊಂಡು ಕುಂತ್ರ ಅಷ್ಟೊತ್ತಿಗೆ ಅಕೌಂಟ್ ಖಾಲಿ ಆಗಿರತೈತಿ." ಹೌದು, ಆಗಬಹುದು. ಆದರೆ ಇಲ್ಲಿ ಎರಡು ಬೇರೆ ಪ್ರಶ್ನೆ ಒಂದರಾಗ ಒಂದು ಸಿಕ್ಕಿಕೊಂಡಾವ. ಒಂದು, ಟ್ರೆಂಡ್ ಮುರೀತಾ? ಎರಡು, ನಾನು ಎಷ್ಟು ನಷ್ಟ ತಡಕೋಬಲ್ಲೆ? ಮೊದಲನೇದ್ದಕ್ಕೆ ಉತ್ತರ ಗೆರೆ ಕೊಡುತ್ತೆ. ಎರಡನೇದ್ದಕ್ಕೆ ಉತ್ತರ ನಿಮ್ಮ ಕಿಸೆ ಕೊಡುತ್ತೆ, ಅದಕ್ಕೆ ಸ್ಟಾಪ್‌ಲಾಸ್ ಅಂತಾರ. ಸ್ಟಾಪ್‌ಲಾಸ್ ಹೊಡೀತು ಅಂದ್ರ ನೀವು ಹೊರಗ ಬಂದ್ರಿ, ಅಷ್ಟೇ. ಟ್ರೆಂಡ್ ಸತ್ತಿತು ಅಂತ ಅಲ್ಲ. ಟ್ರೆಂಡ್ ಇನ್ನೂ ಬದುಕಿದ್ದರ ಮತ್ತೆ ಒಳಗ ಬರಬಹುದು. ಶುಕ್ರವಾರದ ತನಕ ಕಾಯಾಕ ಆಗದಷ್ಟು ದೊಡ್ಡ ಲಾಟ್ ಹಿಡಿದಿದ್ದರ ನಿಮ್ಮ ಲಾಟ್ ಗೆರೆಗೆ ಹೊಂದೂದಿಲ್ಲ, ಗೆರೆ ತಪ್ಪಲ್ಲ.

ಇನ್ನೊಂದು ವಾದ: "ಎರಡೂ ಸಾಕ್ಷಿ ಬರೋ ಹೊತ್ತಿಗೆ ಬಹಳ ಬಿದ್ದಿರತೈತಿ." ಇದೂ ನಿಜ. 26,277ರಿಂದ 23,203ಕ್ಕೆ ಬರುವಷ್ಟರಲ್ಲಿ ನಿಫ್ಟಿ ಶೇ. 11ಕ್ಕಿಂತ ಹೆಚ್ಚು ಕಳಕೊಂಡಿತ್ತು. ಟ್ರೆಂಡ್‌ಲೈನ್ ತುದಿ ಹಿಡಿದು ಕೊಡೂದಿಲ್ಲ. ತುದಿ ಹಿಡಿದು ಕೊಡ್ತೀನಿ ಅನ್ನೋನು ಕೋರ್ಸ್ ಮಾರಾಕ ಬಂದಾನ ಅಂತ ತಿಳ್ಕೊಳ್ರಿ. ಗೆರೆಯ ಕೆಲಸ ಬೇರೆ. ಜೂನ್ 4ರಂಥ ದಿನ ಕೈ ನಡುಗಿಸದಂಗ ಹಿಡಿಯೋದು, ಜನವರಿಯಂಥ ತಿಂಗಳು "ಇನ್ನ ಕೂಡಬ್ಯಾಡ" ಅಂತ ಎಬ್ಬಿಸೋದು.

ನವಿಲುತೀರ್ಥ ಡ್ಯಾಂ ನೋಡ್ರಿ. ಒಂದಿನ ಗೇಟ್ ಎತ್ತಿದ್ರ ನೀರು ಒಂದಿಷ್ಟು ಇಳೀತೈತಿ. ಅದನ್ನ ನೋಡಿ ಮಳಿಗಾಲ ಮುಗೀತು ಅಂತ ಮಲಪ್ರಭಾ ದಂಡಿಯ ಯಾವ ರೈತನೂ ಅನ್ನೂದಿಲ್ಲ. ಒಳಹರಿವು ನಿಂತು, ವಾರ ವಾರ ಮಟ್ಟ ಇಳೀತಾ ಬಂದ್ರ ಆಗ ಅಂತಾನ. ತಡ ಆಗಿ ಅಂದ ಅಂತ ಅವನನ್ನ ದಡ್ಡ ಅಂತೀರೇನು?

ಭಾಗ 10/10

ಕೊನೇ ಮಾತು, ಮತ್ತ ಬಹಳ ಮಂದಿ ಎಡವೋ ಜಾಗ.

ಗೆರೆ ನಿಜವಾಗಿ ಮುರೀತು ಅಂದ್ರ ಏನರ್ಥ? ಆ ಎರಡು ಲೋಗಳು ಹಾಕಿಕೊಟ್ಟ ವೇಗ ಮುಗೀತು ಅಂತ. ಅಷ್ಟೇ. ಇನ್ನು ಬೀಳತೈತಿ, ಇಷ್ಟು ಬೀಳತೈತಿ ಅಂತ ಗೆರೆ ಹೇಳೂದಿಲ್ಲ. ನಮ್ಮ ಉದಾಹರಣೆಯಲ್ಲೇ ನೋಡ್ರಿ. ಜನವರಿ 17ರ 23,203ರಿಂದ ಏಪ್ರಿಲ್ 7ರ 21,743ಕ್ಕೆ ಸುಮಾರು ಶೇ. 6 ಬಿತ್ತು. ಅಲ್ಲಿಂದ ಏಪ್ರಿಲ್ ಮುಗಿಯೋದ್ರೊಳಗ ನಿಫ್ಟಿ 24,000 ದಾಟಿತ್ತು. "ಟ್ರೆಂಡ್ ಬ್ರೇಕ್, 18,000ಕ್ಕ ಹೋಗತೈತಿ" ಅಂತ ಮುರಿದ ಗೆರೆಯ ಮ್ಯಾಲ ಪುಟ್ ಹೊತ್ತು ಕುಂತವನಿಗೆ ಗೆರೆ ಸರಿ ಇದ್ದರೂ ರೊಕ್ಕ ಹೋಯ್ತು. ಏರಿಕೆ ನಿಂತಿತು ಅನ್ನೋದಕ್ಕೂ ಇಳಿಕೆ ಶುರುವಾಯ್ತು ಅನ್ನೋದಕ್ಕೂ ನಡುವೆ ಜಾಗ ಐತಿ. ಇಳಿಕೆ ಅನ್ನಬೇಕಂದ್ರ ಅದಕ್ಕ ಬೇರೆ ಗೆರೆ ಬೇಕು, ಎರಡು ಕೆಳಗಿಳಿದ ಹೈ ಬೇಕು, ಅದಕ್ಕೂ ಅದರದ್ದೇ ಜನ್ಮಪತ್ರ ಬೇಕು.

ನಿಮ್ಮ ನೋಟ್‌ಬುಕ್ಕಿನ ಒಂದು ಪುಟ ಹಿಂಗಿರಲಿ. ಯಾವ ಎರಡು ಲೋ, ತಾರೀಖು ಸಮೇತ. ನಡುವಿನ ಹೈ ಯಾವಾಗ ದಾಟಿತು. ಲಾಗ್ ಅಥವಾ ಪಾಯಿಂಟ್. ವಾರಕ್ಕೆ ಎಷ್ಟು ಏರಿಕೆ. ಹಿಂದಿನ ಮುಖ್ಯ ಲೋ ಎಷ್ಟು. ಯಾವ ಕ್ಲೋಸ್‌ಗೆ ಸತ್ತಂಗ. ಇದನ್ನ ಗೆರೆ ಎಳೆದ ದಿನವೇ ಬರೀರಿ, ಬೆಲೆ ಹತ್ತಿರ ಬಂದ ದಿನ ಅಲ್ಲ.

ಮುಂದಿನ ಸಲ ನಿಮ್ಮ ದೋಸ್ತ ರಾತ್ರಿ ಹನ್ನೊಂದಕ್ಕ "ಟ್ರೆಂಡ್ ಬ್ರೇಕ್ ಆಗೇತಿ ಲೇ" ಅಂತ ಸ್ಕ್ರೀನ್‌ಶಾಟ್ ಕಳಿಸಿದ್ರ ಈ ಆರು ಸಾಲು ಅವನ ಕಡೆ ಕೇಳ್ರಿ. ಎರಡಕ್ಕಾದರೂ ಉತ್ತರ ಬರಲಿಲ್ಲಂದ್ರ ಬೆಳಿಗ್ಗೆ ಒಂಬತ್ತು ಹದಿನೈದಕ್ಕ ಅವನ ಫೋನ್ ಕಸಗೊಂಡು ಚಹಾ ಕುಡಿಸಾಕ ಕರ್ಕೊಂಡು ಹೋಗ್ರಿ.

ಒಪ್ಪದವರು ಕಾಮೆಂಟ್‌ನಾಗ ಜಗಳಕ್ಕ ಬರ್ರಿ. ಗೆರಿ ಜೊತಿಗೆ ಅಂಕಿನೂ ತರ್ರಿ.

#ಮುನವಳ್ಳಿ #ಸವದತ್ತಿ #ಟ್ರೆಂಡ್‌ಲೈನ್ #ನಿಫ್ಟಿ #ಕನ್ನಡದಾಗ_ಷೇರು